ಮರೆತಿದ್ದಕ್ಕೆ ದಂಡ ಐದು ಸಾವಿರವಷ್ಟೇ ಅಲ್ಲ

ಆದಾಯ ತೆರಿಗೆ ರಿಟರ್ನ್ ತಡವಾದರೆ ಏನಾಗುತ್ತದೆ ಎಂದು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: "ಐದು ಸಾವಿರ ಕಟ್ಟಿದರಾಯಿತು, ಡಿಸೆಂಬರ್‌ವರೆಗೆ ಟೈಮ್ ಇದೆಯಲ್ಲ." ಈ ಮಾತು ಅರ್ಧ ನಿಜ. ಸಂಬಳದಾರರ ಜೇಬಿಗೆ ದೊಡ್ಡ ಪೆಟ್ಟು ಬೀಳುವುದು ಉಳಿದ ಅರ್ಧದಲ್ಲಿ.

2024-25ರ ಆದಾಯದ ಲೆಕ್ಕವನ್ನೇ ನೋಡೋಣ. ಆಡಿಟ್ ಬೇಕಿಲ್ಲದವರಿಗೆ ಕೊನೆಯ ದಿನ ಮಾಮೂಲಿನಂತೆ ಜುಲೈ 31 ಆಗಬೇಕಿತ್ತು. ಆ ವರ್ಷ ಮುಂದಕ್ಕೆ ಹೋಗಿ 2025ರ ಸೆಪ್ಟೆಂಬರ್ 16ಕ್ಕೆ ನಿಂತಿತು. ಆ ದಿನ ದಾಟಿದ ಮೇಲೆ ಮೊದಲ ಬಾರಿಗೆ ಸಲ್ಲಿಸುವುದು ಬಿಲೇಟೆಡ್ ರಿಟರ್ನ್. ಈಗಾಗಲೇ ಸಲ್ಲಿಸಿದ್ದರಲ್ಲಿ ತಪ್ಪು ಕಂಡು ತಿದ್ದಿ ಮತ್ತೆ ಸಲ್ಲಿಸುವುದು ರಿವೈಸ್ಡ್ ರಿಟರ್ನ್. ಆ ವರ್ಷ ಎರಡಕ್ಕೂ ಬಾಗಿಲು ಮುಚ್ಚಿದ್ದು ಡಿಸೆಂಬರ್ 31ಕ್ಕೆ. ದಿನಾಂಕ ಒಂದೇ ಆದ್ದರಿಂದ ಎರಡನ್ನೂ ಒಂದೇ ಎಂದುಕೊಳ್ಳುವವರು ಬಹಳ.

ಮೊದಲ ವ್ಯತ್ಯಾಸ ಶುಲ್ಕದ್ದು. ಬಿಲೇಟೆಡ್ ರಿಟರ್ನ್‌ಗೆ 234ಎಫ್ ಸೆಕ್ಷನ್ ಪ್ರಕಾರ 5,000 ರೂಪಾಯಿ, ಒಟ್ಟು ಆದಾಯ ಐದು ಲಕ್ಷ ಮೀರದಿದ್ದರೆ 1,000. ತೆರಿಗೆ ಬಾಕಿ ಒಂದು ಪೈಸೆ ಇಲ್ಲದಿದ್ದರೂ ಇದನ್ನು ಕಟ್ಟಬೇಕು. ಸಮಯಕ್ಕೆ ಸಲ್ಲಿಸಿದ್ದನ್ನು ಆ ಡಿಸೆಂಬರ್‌ನೊಳಗೆ ತಿದ್ದಿದವರಿಗೆ ಈ ಶುಲ್ಕವೇ ಇರಲಿಲ್ಲ.

ಎರಡನೆಯದು ದೊಡ್ಡದು. ವ್ಯಾಪಾರದ ಆದಾಯ ಇಲ್ಲದವರು ಹಳೆಯ ತೆರಿಗೆ ಪದ್ಧತಿ ಬೇಕೆಂದರೆ, ಕೊನೆಯ ದಿನದೊಳಗೆ ಸಲ್ಲಿಸುವ ರಿಟರ್ನ್‌ನಲ್ಲೇ ಅದನ್ನು ಆರಿಸಿಕೊಳ್ಳಬೇಕು. ತಡವಾದರೆ ಆ ಆಯ್ಕೆ ಹೋಯಿತು, ಹೊಸ ಪದ್ಧತಿಯೇ ಗತಿ.

ಪುಣೆಯಲ್ಲಿ ಬಾಡಿಗೆ ಮನೆಯಲ್ಲಿದ್ದು, ಹುಬ್ಬಳ್ಳಿಯ ಸ್ವಂತ ಮನೆಗೆ ಸಾಲದ ಕಂತು ಕಟ್ಟುವ ಒಬ್ಬರನ್ನು ಊಹಿಸಿಕೊಳ್ಳಿ. ವರ್ಷದ ಸಂಬಳ 12 ಲಕ್ಷ. ಹಳೆಯ ಪದ್ಧತಿಯಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000, ಮನೆ ಬಾಡಿಗೆ ಭತ್ಯೆಯ ವಿನಾಯಿತಿ ಎರಡು ಲಕ್ಷ, ಪಿಎಫ್ ಮತ್ತು ಎಲ್‌ಐಸಿ ಸೇರಿ ಒಂದೂವರೆ ಲಕ್ಷ, ಗೃಹಸಾಲದ ಬಡ್ಡಿ ಎರಡು ಲಕ್ಷ ಕಳೆದರೆ ಉಳಿಯುವುದು ಆರು ಲಕ್ಷ. ಸೆಸ್ ಸೇರಿ ತೆರಿಗೆ 33,800. ಕಂಪನಿಯವರು ಈ ಲೆಕ್ಕದಂತೆಯೇ ತಿಂಗಳು ತಿಂಗಳು ಟಿಡಿಎಸ್ ಹಿಡಿದಿದ್ದಾರೆ. ಆದ್ದರಿಂದ ಅವರು ನಿಶ್ಚಿಂತೆಯಿಂದ ಮರೆತುಬಿಟ್ಟರು.

ಡಿಸೆಂಬರ್ ಕೊನೆಯ ವಾರ ನೆನಪಾಗಿ ಕೂತರೆ ಹೊಸ ಪದ್ಧತಿಯಲ್ಲಿ ಸಿಗುವುದು 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ. ಆದಾಯ 11,25,000, ತೆರಿಗೆ 71,500. ಹಿಡಿದಿರುವುದು ಕಳೆದು 37,700 ಬಾಕಿ. ಅದರ ಮೇಲೆ ತಿಂಗಳಿಗೆ ಶೇ. 1ರಂತೆ ನಾಲ್ಕು ತಿಂಗಳ ಬಡ್ಡಿ 1,508, ಶುಲ್ಕ 5,000. ಮುಂಗಡ ತೆರಿಗೆ ಕಡಿಮೆಯಾದದ್ದಕ್ಕೆ ಬೀಳುವ ಬಡ್ಡಿ ಬಿಟ್ಟೇ 44,208 ರೂಪಾಯಿ!

ಅದೇ ವ್ಯಕ್ತಿ ಸೆಪ್ಟೆಂಬರ್‌ನಲ್ಲಿ ಸಲ್ಲಿಸಿ, ಬ್ಯಾಂಕ್ ಎಫ್‌ಡಿಯ 20,000 ಬಡ್ಡಿ ತೋರಿಸುವುದನ್ನು ಮರೆತಿದ್ದರೆ? ಡಿಸೆಂಬರ್‌ನಲ್ಲಿ ತಿದ್ದಿದಾಗ ಕಟ್ಟಬೇಕಾದದ್ದು 4,160 ರೂಪಾಯಿ ತೆರಿಗೆ. ಹಳೆಯ ಪದ್ಧತಿಯೂ ಕೈಯಲ್ಲೇ ಉಳಿಯುತ್ತಿತ್ತು.

ಇದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ತಡಕ್ಕೆ ಶುಲ್ಕ ಇರಲಿ, ಬಾಕಿಗೆ ಬಡ್ಡಿಯೂ ಇರಲಿ. ಆದರೆ ತೆರಿಗೆಯನ್ನು ಸಂಬಳದಿಂದಲೇ ಸಕಾಲಕ್ಕೆ ಕಟ್ಟಿದವರ ಆಯ್ಕೆಯನ್ನೇ ಕಿತ್ತುಕೊಳ್ಳುವುದು ಮರೆವಿಗೆ ಮೂರನೆಯ ಶಿಕ್ಷೆ. ಐದು ಸಾವಿರದ ಶುಲ್ಕ ಎಲ್ಲರಿಗೂ ಗೊತ್ತು. ಇದು ಗೊತ್ತಾಗುವುದು ಬಾಕಿ ಮೊತ್ತ ಕಣ್ಣೆದುರು ಬಂದಾಗ.

ಕಾನೂನು ಬದಲಾಗುವವರೆಗೆ ಮರೆಗುಳಿಗಳು ಒಂದು ಅಭ್ಯಾಸ ಬಿಡಬೇಕು: ಎಲ್ಲ ಕಾಗದ ಕೈಗೆ ಬರಲಿ ಎಂದು ಕಾಯುವುದು. ಫಾರ್ಮ್ 16 ಮತ್ತು ಎಐಎಸ್ ನೋಡಿ, ತಿಳಿದ ಆದಾಯವನ್ನೆಲ್ಲ ಪ್ರಾಮಾಣಿಕವಾಗಿ ತೋರಿಸಿ, ಗಡುವಿನೊಳಗೆ ಸಲ್ಲಿಸಿ. ಬಿಟ್ಟುಹೋದದ್ದು ಆಮೇಲೆ ಕಂಡರೆ ತಿದ್ದಬಹುದು. ಸಲ್ಲಿಸಿದ ಮೇಲೆ 30 ದಿನದೊಳಗೆ ಇ-ವೆರಿಫೈ ಮಾಡುವುದನ್ನು ಮಾತ್ರ ಮರೆಯಬೇಡಿ. ಆ ಅವಧಿ ದಾಟಿದರೆ ವೆರಿಫೈ ಮಾಡಿದ ದಿನವೇ ಸಲ್ಲಿಸಿದ ದಿನವಾಗುತ್ತದೆ. ಸಮಯಕ್ಕೆ ಹಾಕಿದ ರಿಟರ್ನ್ ಹೀಗೆ ಬಿಲೇಟೆಡ್ ಆಗಿಬಿಡಬಹುದು.

ಗಡುವು ತಪ್ಪೇ ಹೋಗಿದ್ದರೂ ಡಿಸೆಂಬರ್ 31ರ ರಾತ್ರಿಗೆ ಕಾಯಬೇಡಿ. ಬಿಲೇಟೆಡ್ ರಿಟರ್ನ್‌ನಲ್ಲೂ ತಪ್ಪಾಗಬಹುದು, ಅದನ್ನೂ ತಿದ್ದಬಹುದು, ಆದರೆ ತಿದ್ದಲು ದಿನ ಉಳಿದಿರಬೇಕಲ್ಲ. ಅದೂ ದಾಟಿದರೆ ಉಳಿಯುವುದು ಅಪ್‌ಡೇಟೆಡ್ ರಿಟರ್ನ್. ಅದಕ್ಕೆ ತೆರಿಗೆ ಮತ್ತು ಬಡ್ಡಿಯ ಮೇಲೆ ಕನಿಷ್ಠ ಶೇ. 25 ಹೆಚ್ಚುವರಿ ತೆರಬೇಕು, ರೀಫಂಡ್ ಅದರಲ್ಲಿ ಕೇಳುವಂತಿಲ್ಲ.