ಶಾಸನವನ್ನು ಕೊನೆಯಿಂದ ಓದೋಣ: ಕಲ್ಲೂರುಗುಡ್ಡದ ದತ್ತಿ ಮತ್ತು ಭೂಮಿಯ ಒಡೆತನ

ಶಿವಮೊಗ್ಗ ಪರಿಸರದ ಜೈನ ಇತಿಹಾಸವನ್ನು ಕುರಿತ ಪ್ರಬಂಧಗಳಲ್ಲಿ ಕಲ್ಲೂರುಗುಡ್ಡದ ಶಾಸನದ ಪ್ರಸ್ತಾಪವಿಲ್ಲದ ಬರಹ ವಿರಳ. ಕ್ರಿ.ಶ. 1121-22ರ ಈ ಶಾಸನವನ್ನು ಬಿ.ಎಲ್. ರೈಸ್ ಅವರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿವಮೊಗ್ಗ ತಾಲ್ಲೂಕಿನ 4ನೆಯ ಸಂಖ್ಯೆಯಾಗಿ ಪ್ರಕಟಿಸಿದರು. ದಡಿಗ ಮತ್ತು ಮಾಧವರೆಂಬ ಸಹೋದರರು ಉತ್ತರದಿಂದ ಬಂದದ್ದು, ಪೇರೂರಿನಲ್ಲಿ ಸಿಂಹನಂದ್ಯಾಚಾರ್ಯರನ್ನು ಕಂಡದ್ದು, ಮಾಧವನು ಕತ್ತಿಯಿಂದ ಶಿಲಾಸ್ತಂಭವನ್ನು ಹೊಡೆದದ್ದು, ಆಚಾರ್ಯರು ಅವರಿಗೆ ಪಿಂಛದ ಧ್ವಜವನ್ನಿತ್ತು ರಾಜ್ಯವನ್ನು ಕಟ್ಟಿಸಿದ್ದು, ಇದೆಲ್ಲವನ್ನೂ ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಹೇಳಬಲ್ಲರು. ಆದರೆ ಅದೇ ಕಲ್ಲಿನ ಕೊನೆಯ ಭಾಗದಲ್ಲಿ ಯಾವ ಬಸದಿಗೆ, ಯಾರು, ಯಾವಾಗ, ಏನನ್ನು ಬಿಟ್ಟರು ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಪೀಠಿಕೆಯನ್ನು ಇತಿಹಾಸವೆಂದೂ ದತ್ತಿಭಾಗವನ್ನು ಬರಿಯ ಲೆಕ್ಕವೆಂದೂ ಭಾವಿಸುವ ಈ ಅಭ್ಯಾಸವನ್ನು ನಾವು ತಿರುವುಮುರುವಾಗಿಸಬೇಕು ಎಂಬುದು ನನ್ನ ಅಭಿಪ್ರಾಯ. ಧಾರ್ಮಿಕ ದತ್ತಿಯನ್ನೂ ಭೂಮಿಯ ಒಡೆತನವನ್ನೂ ಅಭ್ಯಸಿಸುವವರು ಶಾಸನವನ್ನು ಕೊನೆಯಿಂದ ಓದಬೇಕು.

ಕಾರಣ ಸರಳವಾದುದು. ಒಂದೇ ದಿನ ಕೆತ್ತಿದ ಕಲ್ಲಿನಲ್ಲಿರುವ ವಾಕ್ಯಗಳೆಲ್ಲವೂ ಒಂದೇ ವಯಸ್ಸಿನವಲ್ಲ. ಕಲ್ಲೂರುಗುಡ್ಡದ ಶಾಸನದಲ್ಲಿ ಕನಿಷ್ಠ ಮೂರು ಪದರಗಳಿವೆ. ಮೊದಲನೆಯದು, ಸಿಂಹನಂದಿಗಳ ಸೂಚನೆಯಂತೆ ದಡಿಗ ಮಾಧವರು ಮಂಡಲಿಯ ಬೆಟ್ಟದ ಮೇಲೆ ಚೈತ್ಯಾಲಯವನ್ನು ಮಾಡಿಸಿದರೆಂಬ ಮಾತು. ಗಂಗರ ಆರಂಭವನ್ನು ನಾಲ್ಕನೆಯ ಶತಮಾನದಲ್ಲಿಟ್ಟರೆ ಈ ಸಂಗತಿಗೂ ಅದನ್ನು ಕೆತ್ತಿದ ದಿನಕ್ಕೂ ನಡುವೆ ಏಳು ಶತಮಾನಗಳಿಗೂ ಮಿಕ್ಕ ಅಂತರವಿದೆ. ಎರಡನೆಯದು, ಮಂಡಲಿ ಸಾವಿರವನ್ನು ಆಳುತ್ತಿದ್ದ ಬರ್ಮದೇವನು ಶಕ 976ರಲ್ಲಿ, ಎಂದರೆ ಕ್ರಿ.ಶ. 1054ರ ಸುಮಾರಿನಲ್ಲಿ, ಆ ಬಸದಿಗೆ ದತ್ತಿ ಬಿಟ್ಟನೆಂಬ ಹೇಳಿಕೆ, ಮತ್ತು ಅವನ ಮಕ್ಕಳು ಅದಕ್ಕೆ ಸೇರಿಸಿದ ದತ್ತಿಗಳು. ಮೂರನೆಯದು, ಬರ್ಮದೇವನ ಮೊಮ್ಮಗ ನನ್ನಿಯಗಂಗನು ಶಕ 1043ರಲ್ಲಿ, ಮೊದಲು ಮರದಲ್ಲಿದ್ದ ಪಟ್ಟದ ಬಸದಿಯನ್ನು ಕಲ್ಲಿನಿಂದ ಕಟ್ಟಿಸಿ ತಾನೇ ಬಿಟ್ಟ ದತ್ತಿ. ಕಲ್ಲು ಕೆತ್ತಿದ್ದು ಈ ಮೂರನೆಯ ಸಂದರ್ಭದಲ್ಲಿ.

ಈ ಮೂರು ಪದರಗಳಿಗೆ ಒಂದೇ ತೂಕವನ್ನು ಕೊಡಲಾಗದು. ನನ್ನಿಯಗಂಗನ ದತ್ತಿ ಸಮಕಾಲೀನ ಸಾಕ್ಷ್ಯ. ಕೊಟ್ಟವನು, ಪಡೆದ ಆಚಾರ್ಯ ಪರಂಪರೆ, ಊರಿನ ಜನ ಎಲ್ಲರೂ ಇದ್ದಾಗಲೇ ಅದು ಬಯಲಿನಲ್ಲಿ ನಿಂತಿತು. ಹುಸಿ ಎಲ್ಲೆಯನ್ನು ಬರೆಸುವುದು ಅಲ್ಲಿ ಸುಲಭವಲ್ಲ. ಬರ್ಮದೇವನ ದತ್ತಿ ಹಾಗಲ್ಲ. ಅದನ್ನು ಇಲ್ಲಿ ನಮೂದಿಸುವಾಗ 67 ವರ್ಷಗಳು ಕಳೆದಿದ್ದವು. ಮಿತಿ, ಸಂವತ್ಸರ, ಊರಿನ ಹೆಸರುಗಳು ಖಚಿತವಾಗಿ ಬಂದಿರುವುದನ್ನು ನೋಡಿದರೆ ಬಸದಿಯಲ್ಲಿ ಹಿಂದಿನ ಪತ್ರ ಇದ್ದಿರಬೇಕು, ಅದನ್ನು ನೋಡಿ ಬರೆದಿರಬೇಕು ಎಂದು ಊಹಿಸಬಹುದು. ಆದರೂ ಕಟ್ಟುನಿಟ್ಟಾಗಿ ಹೇಳುವುದಾದರೆ, ಆ ವಾಕ್ಯವು 1054ರಲ್ಲಿ ಏನಾಯಿತೆಂಬುದಕ್ಕಿಂತ 1121ರಲ್ಲಿ ಬಸದಿಯು ಯಾವ ಹಕ್ಕನ್ನು ತನ್ನದೆಂದು ಸಾರುತ್ತಿತ್ತು ಎಂಬುದಕ್ಕೆ ಸಾಕ್ಷಿ. ಇನ್ನು ದಡಿಗ ಮಾಧವರ ಸಂಗತಿ ಭೂಮಿಯ ಇತಿಹಾಸಕ್ಕೆ ಆಧಾರವೇ ಅಲ್ಲ. ಅದು ಹನ್ನೆರಡನೆಯ ಶತಮಾನದ ಗಂಗ ಮಾಂಡಲಿಕರು ಮತ್ತು ಕ್ರಾಣೂರ್ಗಣದ ಗುರುಗಳು ತಮ್ಮ ಸಂಬಂಧವನ್ನು ಹೇಗೆ ನೆನೆಯಬಯಸಿದರು ಎಂಬುದರ ದಾಖಲೆ. ಶಿವಮೊಗ್ಗ ನಗರದ ಅಂಚಿನಲ್ಲಿರುವ ಪುರಲೆಯ ಶಾಸನದಲ್ಲಿಯೂ ಇದೇ ವಂಶಕಥನ ಬರುತ್ತದೆ. ಒಂದೇ ಪೀಠಿಕೆ ಎರಡು ಕಲ್ಲುಗಳಲ್ಲಿ ಬಂದರೆ ಅದು ಎರಡು ಸಾಕ್ಷ್ಯಗಳಾಗುವುದಿಲ್ಲ. ಒಂದು ಸಿದ್ಧಪಾಠವು ಎರಡು ಕಡೆ ಬಳಕೆಯಾಯಿತೆಂದಷ್ಟೇ ಆಗುತ್ತದೆ. ದತ್ತಿಭಾಗ ಮಾತ್ರ ಕಲ್ಲಿನಿಂದ ಕಲ್ಲಿಗೆ ಬೇರೆಯಾಗುತ್ತದೆ.

ಶಾಪವಾಕ್ಯಗಳಿಗೂ ಇದೇ ಮಾತು ಸಲ್ಲುತ್ತದೆ. ದತ್ತಿಯನ್ನು ಕೆಡಿಸಿದವನು ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನೆಂಬ ಮಾತು ಜಿನಾಲಯದ ಶಾಸನಗಳಲ್ಲಿಯೂ ಕಾಣುತ್ತದೆ. ಇದರಿಂದ ಜೈನರ ಶ್ರದ್ಧೆಯನ್ನು ಅಳೆಯಹೊರಟವರು ಶಾಸನ ಬರೆಯುವವರ ವಾಡಿಕೆಯನ್ನು ಮರೆತಿರುತ್ತಾರೆ.

ಈಗ ದತ್ತಿಭಾಗಕ್ಕೆ ಬರೋಣ. ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಬಸದಿಗೆ ಸಂದದ್ದು ಮಣ್ಣೋ ಮಣ್ಣಿನ ಉತ್ಪತ್ತಿಯೋ ಎಂಬುದು. ನಮ್ಮ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತು 'ಬಿಟ್ಟ ದತ್ತಿ'. ಬಿಡುವುದೆಂದರೆ ತನಗೆ ಸಲ್ಲುತ್ತಿದ್ದುದನ್ನು ತಾನು ಪಡೆಯದೆ ಇನ್ನೊಬ್ಬರಿಗೆ ಸಲ್ಲಿಸುವುದು. ಅರಸನಿಗೋ ಮಾಂಡಲಿಕನಿಗೋ ಒಂದು ಊರಿನಿಂದ ಸಲ್ಲುತ್ತಿದ್ದುದು ತೆರಿಗೆ. 'ಸರ್ವಬಾಧಾಪರಿಹಾರ', 'ಸರ್ವನಮಸ್ಯ' ಎಂಬ ವಿಶೇಷಣಗಳು ಸೇರಿದಾಗ ಈ ಅರ್ಥ ಇನ್ನಷ್ಟು ಗಟ್ಟಿಯಾಗುತ್ತದೆ. ಊರನ್ನು ಬಿಟ್ಟನೆಂದರೆ ಊರಿನ ಒಕ್ಕಲುಗಳನ್ನು ಎಬ್ಬಿಸಿ ನೆಲವನ್ನು ಬಸದಿಗೆ ಒಪ್ಪಿಸಿದನೆಂದು ಅರ್ಥವಲ್ಲ. ಒಕ್ಕಲು ಅಲ್ಲೇ ಉಳಿದು ಉಳುತ್ತಿದ್ದರು. ಅರಮನೆಗೆ ಹೋಗುತ್ತಿದ್ದ ಪಾಲು ದೇವರ ಅಷ್ಟವಿಧಾರ್ಚನೆಗೆ, ಋಷಿಯರ ಆಹಾರದಾನಕ್ಕೆ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಹೋಗುತ್ತಿತ್ತು.

ಇದಕ್ಕೆ ಹೊರತಾದ ಸಂದರ್ಭಗಳೂ ಇವೆ, ಅವನ್ನು ಗುರುತಿಸಲು ಭಾಷೆಯಲ್ಲಿಯೇ ಕುರುಹುಗಳಿವೆ. 'ಮಾರುಗೊಂಡು' ಅಥವಾ 'ಕ್ರಯಂಗೊಂಡು' ಬಿಟ್ಟರೆಂದು ಇದ್ದರೆ ದಾನಿಯು ನೆಲವನ್ನು ಮೊದಲು ಇನ್ನೊಬ್ಬರಿಂದ ಕೊಂಡಿದ್ದಾನೆ. ಅಲ್ಲಿ ಮಾರುವ ಹಕ್ಕುಳ್ಳ ಒಡೆಯನೊಬ್ಬನಿದ್ದನೆಂದೂ ಆ ಹಕ್ಕು ಬಸದಿಗೆ ಸಂದಿತೆಂದೂ ಧೈರ್ಯವಾಗಿ ಹೇಳಬಹುದು. ಹಾಗೆಯೇ, ಇಡೀ ಊರಿನ ಬದಲು ಕೆರೆಯ ಕೆಳಗಿನ ಇಷ್ಟು ಗದ್ದೆ, ಇಷ್ಟು ಬೆದ್ದಲೆ, ಒಂದು ತೋಟ, ಒಂದು ಗಾಣ ಎಂದು ಬಿಡಿಬಿಡಿಯಾಗಿ ಹೇಳಿ, ಗಳೆಯಿಂದ ಅಳೆದು, ನಾಲ್ಕು ದಿಕ್ಕಿನ ಎಲ್ಲೆಯನ್ನು ನಟ್ಟ ಕಲ್ಲುಗಳಿಂದ ಗುರುತಿಸಿದ್ದರೆ, ಅದು ತೆರಿಗೆಯ ಹಕ್ಕಿಗಿಂತ ನಿರ್ದಿಷ್ಟ ನೆಲದ ಮೇಲಣ ಹಕ್ಕಿಗೆ ಹತ್ತಿರವಾದುದು. ಸಂಶೋಧಕರು ಮೊದಲು ಪಟ್ಟಿ ಮಾಡಬೇಕಾದದ್ದು ಈ ಎರಡು ಬಗೆಗಳನ್ನು. ಒಂದು ಊರನ್ನೂ ಎರಡು ಮತ್ತರು ಗದ್ದೆಯನ್ನೂ ಒಂದೇ ಕಾಲಂನಲ್ಲಿ 'ಭೂದಾನ' ಎಂದು ಬರೆದು ಕೂಡಿಸುವ ಕೋಷ್ಟಕಗಳು ಏನನ್ನೂ ಹೇಳುವುದಿಲ್ಲ.

ಅಳತೆಯ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಮತ್ತರನ್ನು ಇಷ್ಟು ಎಕರೆ ಎಂದು ಪರಿವರ್ತಿಸಿ ಮುಂದುವರಿಯುವುದು ಸರಿಯಲ್ಲ. ಮತ್ತರು ಯಾವ ಗಳೆಯಿಂದ ಅಳೆದದ್ದು ಎಂಬುದನ್ನು ಅವಲಂಬಿಸಿದೆ, ಗಳೆಯೋ ಸೀಮೆಗೊಂದು. ಶಿಕಾರಿಪುರದ ಬಳ್ಳಿಗಾವೆಯಲ್ಲಿ ಭೇರುಂಡ ಗಳೆ ಎಂಬ ಪ್ರತ್ಯೇಕ ಅಳತೆಯೇ ಇತ್ತು. ಗಳೆಯ ಹೆಸರು ಇಲ್ಲದಾಗ ಮತ್ತರನ್ನು ಮತ್ತರೆಂದೇ ಬಿಡುವುದು ಪ್ರಾಮಾಣಿಕವಾದ ದಾರಿ. ಎಲ್ಲೆಗಳನ್ನು ಇಂದಿನ ನಕ್ಷೆಯ ಮೇಲೆ ಇಡುವಾಗಲೂ ಹೀಗೆಯೇ. ಭದ್ರಾವತಿಯ ಸುತ್ತ ಈ ಕೆಲಸ ವಿಶೇಷವಾಗಿ ಕಷ್ಟ. ರೈಸ್ ಅವರ ಸಂಪುಟದಲ್ಲಿ ಭದ್ರಾವತಿ ತಾಲ್ಲೂಕೆಂಬ ವಿಭಾಗವೇ ಇಲ್ಲ. ಊರು ಆಗ ಬೆಂಕಿಪುರ. ಮೇಲಾಗಿ ಲಕ್ಕವಳ್ಳಿಯ ಅಣೆಕಟ್ಟಿನಿಂದ ಭದ್ರಾ ನಾಲೆಗಳು ಹರಿದ ಮೇಲೆ, ಕೆರೆಯನ್ನು ನಂಬಿದ್ದ ಸೀಮೆಯ ನೀರಿನ ಹಂಚಿಕೆಯೇ ಬದಲಾಯಿತು. ಶಾಸನದ ಬೆದ್ದಲೆ ಇಂದು ಗದ್ದೆಯಾಗಿರಬಹುದು. ಕಣ್ಣೆದುರಿನ ಹಸಿರನ್ನು ನೋಡಿ ಹೊಯ್ಸಳರ ಕಾಲದ ದತ್ತಿಯ ಬೆಲೆಯನ್ನು ಅಂದಾಜು ಮಾಡಿದರೆ ತಪ್ಪು ಖಚಿತ.

ತಾಮ್ರಪಟದ ಸ್ವಭಾವ ಕಲ್ಲಿನದಕ್ಕಿಂತ ಭಿನ್ನ. ಕಲ್ಲು ಊರಿನ ಎದುರು ನಿಲ್ಲುತ್ತದೆ, ತಾಮ್ರಪಟ ಪಡೆದವನ ಪೆಟ್ಟಿಗೆಯಲ್ಲಿರುತ್ತದೆ. ಅದನ್ನು ಹೊಸದಾಗಿ ಬರೆಸಿ ಹಳೆಯ ಮಿತಿಯನ್ನು ಹಾಕಲು ಅವಕಾಶವಿತ್ತು. ಮಡಿಕೇರಿಯ ತಾಮ್ರಶಾಸನ ಇದಕ್ಕೆ ನಮ್ಮದೇ ಪರಂಪರೆಯ ಉದಾಹರಣೆ. ಗಂಗ ಅವಿನೀತನ ಹೆಸರಿನಲ್ಲಿರುವ ಅದರಲ್ಲಿ 388ನೆಯ ವರ್ಷವೆಂದಿದೆ. ತಲವನನಗರದ ಶ್ರೀವಿಜಯ ಜಿನಾಲಯಕ್ಕೆ ಬದಣೆಗುಪ್ಪೆ ಗ್ರಾಮವನ್ನು ಕೊಟ್ಟ ವಿಷಯವಿದೆ. ಆದರೆ ಲಿಪಿ ಅದಕ್ಕಿಂತ ಶತಮಾನಗಳಷ್ಟು ಈಚಿನದು, ಮತ್ತು ಅದರಲ್ಲಿ ಬರುವ 'ಅಕಾಲವರ್ಷ' ಎಂಬುದು ನಮಗೆ ರಾಷ್ಟ್ರಕೂಟರ ಬಿರುದಾಗಿ ಪರಿಚಿತ. ಕೊಂಡಕುಂದಾನ್ವಯದ ಪ್ರಾಚೀನತೆಗಾಗಿ ಇದನ್ನು ಇಂದಿಗೂ ಉದ್ಧರಿಸುವ ನಮ್ಮವರು ಈ ತೊಡಕನ್ನು ಮರೆಮಾಚಬಾರದು. ಹಾಗೆಂದು ಅದನ್ನು ಎಸೆಯಬೇಕಿಲ್ಲ. ಐದನೆಯ ಶತಮಾನಕ್ಕೆ ಅದು ಸಾಕ್ಷಿಯಲ್ಲದಿದ್ದರೂ, ಅದನ್ನು ಬರೆಸಿದ ಕಾಲಕ್ಕೆ ಒಳ್ಳೆಯ ಸಾಕ್ಷಿ. ಆ ಊರಿನ ಮೇಲಣ ಹಕ್ಕಿಗೆ ಹಳೆಯ ಪತ್ರದ ಬಲ ಬೇಕೆಂದು ಆಗ ಯಾರಿಗೋ ಅನ್ನಿಸಿತ್ತು. ಹಕ್ಕು ಪ್ರಶ್ನೆಗೆ ಒಳಗಾಗದಿದ್ದಲ್ಲಿ ಅಂಥ ಪತ್ರ ಹುಟ್ಟುವುದಿಲ್ಲ.

ಇಷ್ಟೆಲ್ಲ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ಕಲ್ಲೂರುಗುಡ್ಡದ ಶಾಸನವನ್ನು ರೈಸ್ ಅವರು ದಾಖಲಿಸಿದ್ದು ಸಿದ್ಧೇಶ್ವರ ದೇವಾಲಯದ ಬಳಿ. ಇದನ್ನು ಹಿಡಿದು, ಆ ನೆಲವೆಲ್ಲ ನಮ್ಮ ಬಸದಿಯದು, ಕಿತ್ತುಕೊಳ್ಳಲಾಯಿತು ಎಂಬ ಮಾತನ್ನು ಜೈನ ಸಮಾಜದ ಕೂಟಗಳಲ್ಲಿ ನಾನು ಕೇಳಿದ್ದೇನೆ. ನಾನು ಜೈನನಾಗಿಯೇ ಹೇಳುತ್ತೇನೆ, ಶಾಸನ ಅಷ್ಟನ್ನು ಹೇಳುವುದಿಲ್ಲ. ಕಲ್ಲುಗಳು ಕಟ್ಟಡ ಬಿದ್ದಮೇಲೆ ಸ್ಥಳ ಬದಲಿಸುತ್ತವೆ. ಸಿಕ್ಕ ಜಾಗ ನೆಟ್ಟ ಜಾಗವೇ ಆಗಿರಬೇಕೆಂದಿಲ್ಲ. ಬಲವಂತದಿಂದ ಕಿತ್ತುಕೊಂಡರೆಂದು ಹೇಳಲು ಬೇರೆ ಸಾಕ್ಷ್ಯ ಬೇಕು. 1121ರಲ್ಲಿ ಉತ್ಪತ್ತಿಯ ಹಕ್ಕಾಗಿ ಸಂದ ದತ್ತಿಯನ್ನು ಇಂದಿನ ಪಹಣಿಯ ಒಡೆತನಕ್ಕೆ ಸಮೀಕರಿಸಲೂ ಬರುವುದಿಲ್ಲ. ನಡುವೆ ಅರಸುಮನೆತನಗಳು ಬದಲಾದವು, ಕಂದಾಯ ಬಂದೋಬಸ್ತುಗಳಾದವು, 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಂ ರದ್ದತಿ ಕಾಯಿದೆ ಬಂದಿತು. ಆ ನೆಲವನ್ನು ತಲೆಮಾರುಗಳಿಂದ ಉತ್ತವರ ಹೆಸರು ಕಲ್ಲಿನಲ್ಲಿಲ್ಲ ಎಂಬುದರಿಂದ ಅವರು ಅಲ್ಲಿರಲಿಲ್ಲ ಎಂದಾಗುವುದಿಲ್ಲ. ದತ್ತಿ ಕೊಟ್ಟವರ ಮತ್ತು ಪಡೆದವರ ಹೆಸರನ್ನು ಮಾತ್ರ ಬರೆಯುವುದು ಶಾಸನದ ಕ್ರಮ.

ಆದ್ದರಿಂದ ಸಂಶೋಧನೆಗೆ ತೊಡಗುವ ಮಿತ್ರರಲ್ಲಿ ನನ್ನ ಕೋರಿಕೆ ಇಷ್ಟೆ. ಏಳನೆಯ ಸಂಪುಟವನ್ನು ತೆರೆದಾಗ ವಂಶಾವಳಿಯನ್ನು ದಾಟಿ ದತ್ತಿಭಾಗಕ್ಕೆ ಹೋಗಿ. ಪ್ರತಿಯೊಂದು ದತ್ತಿಯ ಎದುರು ಅದರ ಮಿತಿಯನ್ನೂ ಕಲ್ಲಿನ ಮಿತಿಯನ್ನೂ ಬೇರೆ ಬೇರೆಯಾಗಿ ಬರೆದುಕೊಳ್ಳಿ. ಬಿಟ್ಟದ್ದು ಊರೋ, ಅಳೆದ ನೆಲವೋ, ಸುಂಕವೋ ಎಂದು ವಿಂಗಡಿಸಿ. ಕೊಂಡು ಬಿಟ್ಟದ್ದಿದ್ದರೆ ಮಾರಿದವನ ಹೆಸರನ್ನು ಹುಡುಕಿ. ಇದಾದ ಮೇಲೆ ಪೀಠಿಕೆಗೆ ಮರಳಿದರೆ, ಸಿಂಹನಂದಿಗಳ ಕಥೆ 1121ರಲ್ಲಿ ಮಂಡಲಿಯ ಬಸದಿಗೆ ಏಕೆ ಬೇಕಾಯಿತೆಂಬುದು ತಾನಾಗಿ ತಿಳಿಯುತ್ತದೆ. ಮರದ ಬಸದಿ ಕಲ್ಲಿನದಾಗುವಾಗ ಅದರ ಹಕ್ಕುಗಳನ್ನೂ ಕಲ್ಲಿಗೇರಿಸಬೇಕಿತ್ತು. ಮೂರು ತಲೆಮಾರಿನ ದತ್ತಿಗಳ ಹಿಂದೆ ಒಂದು ಆದಿಪುರುಷರ ವಾಗ್ದಾನವನ್ನು ನಿಲ್ಲಿಸಬೇಕಿತ್ತು.