ಉರಿಮೂತ್ರವೂ ಸೋತ ಗುಳಿಗೆಯೂ

ಮಾನ್ವಿಯ ಭತ್ತದ ಗದ್ದೆಗೆ ನಾಟಿಗೆಂದು ಹೋಗುವ, ದಿನವಿಡೀ ನೀರು ಕುಡಿಯುವುದಕ್ಕೂ ಮೂತ್ರಕ್ಕೆ ಹೋಗುವುದಕ್ಕೂ ಆಸ್ಪದವಿಲ್ಲದ ಹೆಣ್ಣುಮಗಳೊಬ್ಬಳಿಗೆ ಉರಿಮೂತ್ರ ತಗುಲಿತೆಂದು ಭಾವಿಸೋಣ. ಎರಡು ದಿನ ಅದು ಉಷ್ಣದ ಬಾಧೆಯೆಂದೇ ಎಣಿಕೆ. ರಾಯಚೂರು ಸೀಮೆಯ ಬಿಸಿಲನ್ನು ಬಲ್ಲವರಿಗೆ ಅದು ಅಸಹಜವೆನಿಸದು. ಮೂರನೆಯ ದಿನ ಮೆಡಿಕಲ್ ಅಂಗಡಿಯ ಸೆಫಿಕ್ಸಿಮ್, ಉರಿ ತಗ್ಗದಿರಲು ಸಿಪ್ರೊಫ್ಲಾಕ್ಸಸಿನ್. ವಾರ ಕಳೆದು ರಾಯಚೂರಿನಲ್ಲಿ ಕಲ್ಚರ್ ಮಾಡಿಸಿದರೆ, ವರದಿಯಲ್ಲಿ ಇ-ಕೊಲೈ ಎಂಬ ಜೀವಾಣುವಿನ ಹೆಸರು, ಪಕ್ಕದಲ್ಲಿ ‘ಇಎಸ್‌ಬಿಎಲ್’, ಕೆಳಗೆ ಸಾಲುಸಾಲಾಗಿ ‘ಆರ್’, ಅಂದರೆ ನಾಟದ ಮದ್ದುಗಳ ಗುರುತು.

ಪೆನಿಸಿಲಿನ್, ಸೆಫಲೊಸ್ಪೊರಿನ್ ವರ್ಗದ ಔಷಧಗಳಿಗೆಲ್ಲ ಬೀಟಾ-ಲ್ಯಾಕ್ಟಂ ಎಂಬ ನಾಲ್ಕು ಪರಮಾಣುಗಳ ಉಂಗುರವೇ ಪ್ರಾಣ. ಜೀವಾಣು ತನ್ನ ಕೋಶಭಿತ್ತಿಯನ್ನು ಕಟ್ಟಿಕೊಳ್ಳದಂತೆ ತಡೆಯುವ ಈ ಉಂಗುರವನ್ನು, ಅದು ಗುರಿ ಮುಟ್ಟುವ ಮುನ್ನವೇ ಛೇದಿಸುವ ಕಿಣ್ವವೇ ಇಎಸ್‌ಬಿಎಲ್. ಆದಕಾರಣ ಸೆಫಿಕ್ಸಿಮನ್ನು ಇನ್ನೂ ಐದು ದಿನ ಮುಂದುವರಿಸುವುದು ನಿರರ್ಥಕ. ಈ ಕಿಣ್ವಗಳ ಪೈಕಿ ಇಂದು ಲೋಕವ್ಯಾಪಿಯಾಗಿರುವ ಸಿಟಿಎಕ್ಸ್-ಎಂ-15 ಮೊದಲು ಗುರುತಿಸಲ್ಪಟ್ಟದ್ದು ಭಾರತದ ಜೀವಾಣುಗಳಲ್ಲಿಯೇ; ಆ ವರದಿ ಪ್ರಕಟವಾದದ್ದು 2001ರಲ್ಲಿ. ಕಿಣ್ವದ ವಂಶವಾಹಿಯು ಜೀವಾಣುವಿನಿಂದ ಜೀವಾಣುವಿಗೆ ದಾಟಬಲ್ಲ ಪ್ಲಾಸ್ಮಿಡ್ ಎಂಬ ಡಿಎನ್‌ಎ ತುಣುಕಿನ ಮೇಲಿದ್ದು, ಅನೇಕ ವೇಳೆ ಕೊಟ್ರೈಮಾಕ್ಸಜೋಲಿನಂಥ ಬೇರೆ ಮದ್ದುಗಳ ನಿರೋಧವನ್ನೂ ಅದೇ ಹೊತ್ತಿರುತ್ತದೆ. ಇಂಥ ತಳಿಗಳಲ್ಲಿ ಸಿಪ್ರೊಫ್ಲಾಕ್ಸಸಿನ್ನಿನ ಗುರಿಯೇ ಮಾರ್ಪಟ್ಟಿರುವುದೂ ಸಾಮಾನ್ಯ.

ಹಾಗಾದರೆ ನುಂಗಲು ಉಳಿದದ್ದೇನು? ಮುಖ್ಯವಾಗಿ ಎರಡು. ನೈಟ್ರೊಫ್ಯುರಾಂಟೊಯಿನ್ ಗುಳಿಗೆ, ನಿಧಾನವಾಗಿ ಕರಗುವ ಬಗೆಯಾದರೆ 100 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಐದು ದಿನ. ಫಾಸ್ಫೊಮೈಸಿನ್ ಪುಡಿ, 3 ಗ್ರಾಂ, ನೀರಿನಲ್ಲಿ ಕಲಸಿ ಒಂದೇ ಬಾರಿ. ಇವೆರಡರಲ್ಲಿಯೂ ಆ ಉಂಗುರವಿಲ್ಲವಾಗಿ ಕಿಣ್ವಕ್ಕೆ ಛೇದಿಸಲು ಏನೂ ಸಿಗದು. ಆದರೆ ಇವು ಮೂತ್ರದಲ್ಲಿ ಸಾಂದ್ರವಾಗುವವೇ ವಿನಾ ಮೂತ್ರಪಿಂಡದ ಅಂಗಾಂಶದಲ್ಲಿ ಸಾಕಷ್ಟು ನಿಲ್ಲುವವಲ್ಲ. ವರದಿಯಲ್ಲಿ ‘ಎಸ್’, ಅಂದರೆ ನಾಟುವ ಮದ್ದಿನ ಗುರುತು, ಇದ್ದರೂ, ಚಳಿಜ್ವರ, ಪಕ್ಕೆನೋವು, ವಾಂತಿ ಕಾಣಿಸಿಕೊಂಡ ರೋಗಿಗೆ ಇವನ್ನು ಕೊಡುವುದು ಕಾಲಹರಣ; ಅಲ್ಲಿ ಎರ್ಟಾಪೆನೆಮಿನಂಥ ಚುಚ್ಚುಮದ್ದೇ ಬೇಕು, ಸಿಪ್ರೊಫ್ಲಾಕ್ಸಸಿನ್ ಅಥವಾ ಕೊಟ್ರೈಮಾಕ್ಸಜೋಲ್ ‘ಎಸ್’ ಆಗಿದ್ದರೆ ಮಾತ್ರ ಗುಳಿಗೆಯ ದಾರಿ. ಮೂತ್ರಪಿಂಡ ಬಹಳ ಕ್ಷೀಣಿಸಿದವರಿಗೂ ಹೆರಿಗೆ ಸಮೀಪಿಸಿದವರಿಗೂ ನೈಟ್ರೊಫ್ಯುರಾಂಟೊಯಿನ್ ಸಲ್ಲದು. ಜೀವಾಣು ಕ್ಲೆಬ್ಸಿಯೆಲ್ಲಾ ಆದರೆ ಫಾಸ್ಫೊಮೈಸಿನ್ ನಂಬಲರ್ಹವಲ್ಲ. ಫಾರೊಪೆನೆಮ್ ಗುಳಿಗೆಯೂ ಅಂಗಡಿಯಲ್ಲುಂಟು. ಕೊನೆಯ ಚುಚ್ಚುಮದ್ದುಗಳ ದಾಯಾದಿಯಾದ ಅದನ್ನು ಸಾಮಾನ್ಯ ಉರಿಮೂತ್ರಕ್ಕೆ ಸವೆಸುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ.

ಇಷ್ಟಕ್ಕೂ ವರದಿ ನಿಜವಾಗಬೇಕಾದರೆ ಮಾದರಿ ನೆಟ್ಟಗಿರಬೇಕು. ದೇವದುರ್ಗದಲ್ಲಿ ಬೆಳಿಗ್ಗೆ ಹಿಡಿದ ಮೂತ್ರ ಬಸ್ಸಿನ ಬಿಸಿಲಿನಲ್ಲಿ ರಾಯಚೂರು ಮುಟ್ಟುವಷ್ಟರಲ್ಲಿ ಅದರಲ್ಲಿಯ ನಾಲ್ಕು ಜೀವಾಣು ನಾಲ್ಕು ಸಾವಿರವಾಗಿರಬಹುದು. ಗುಳಿಗೆ ನುಂಗುವ ಮುನ್ನ, ಮೊದಲ ಧಾರೆ ಬಿಟ್ಟು ನಡುಧಾರೆಯನ್ನು ಶುದ್ಧ ಡಬ್ಬಿಯಲ್ಲಿ ಹಿಡಿದು, ಎರಡು ತಾಸಿನೊಳಗೆ ತಲುಪಿಸಬೇಕು. ಆಗದಿದ್ದರೆ ತಣ್ಣಗಿಟ್ಟು ಸಾಗಿಸಬೇಕು.

ನಮ್ಮ ಮಾನ್ವಿಯ ಹೆಣ್ಣುಮಗಳಿಗೆ ಜ್ವರವಿಲ್ಲ, ಪಕ್ಕೆನೋವಿಲ್ಲ, ಬಸುರಿಯೂ ಅಲ್ಲ, ನೈಟ್ರೊಫ್ಯುರಾಂಟೊಯಿನ್ ಎದುರು ‘ಎಸ್’ ಇದೆ. ಊಟದೊಡನೆ ಐದು ದಿನ ನುಂಗಿ ಉರಿ ಹೋಯಿತೆಂದರೆ, ಆಕೆ ಮತ್ತೊಂದು ಕಲ್ಚರಿಗೆ ಕೂಲಿ ಬಿಟ್ಟು ಬರಬೇಕಾಗಿಲ್ಲ.