ವೇಷ ಕಳಚಿದ ಮೇಲೆ

ಮೋಹಿನಿ–ಭಸ್ಮಾಸುರನ ಕಥೆ ನಮ್ಮ ನಾಡಿನ ಎರಡು ರಂಗಗಳಲ್ಲಿ ಎರಡು ಬಗೆಯಾಗಿ ನಡೆದಿದೆ. ಕರಾವಳಿಯ ಯಕ್ಷಗಾನ ಮೇಳಗಳಲ್ಲಿ ಮೋಹಿನಿಯಾಗಿ ಕುಣಿಯುವವರು ಹೆಚ್ಚಾಗಿ ಗಂಡಸರು. ಹಗರಿಬೊಮ್ಮನಹಳ್ಳಿಯ ಕಾಳವ್ವ ಜೋಗತಿಯವರ ತಂಡ ಅದೇ ಕಥೆಯನ್ನು ನಾಟಕವಾಗಿ ಆಡಿದಾಗ ಭಸ್ಮಾಸುರನ ಪಾತ್ರ ಕಟ್ಟಿದವರು ಮಂಜಮ್ಮ ಜೋಗತಿ. ಹುಟ್ಟಿದಾಗ ಮನೆಯವರು ಗಂಡುಮಗು ಎಂದುಕೊಂಡರು. ಬೆಳೆದಂತೆ ತಾನು ಹೆಣ್ಣು ಎಂದು ಕಂಡುಕೊಂಡು, ಹೆಣ್ಣಾಗಿಯೇ ಬಾಳುತ್ತ ಬಂದವರು ಮಂಜಮ್ಮ. ಹಾಗಾಗಿ ಯಕ್ಷಗಾನದ ಮೋಹಿನಿ ಆಟ ಮುಗಿಸಿ ಲುಂಗಿ ಉಟ್ಟು ಮನೆಗೆ ಹೊರಟರೆ, ಜೋಗತಿಯರ ಭಸ್ಮಾಸುರ ಸೀರೆ ಉಟ್ಟು ಹೊರಡುತ್ತಾರೆ. ಈ ಸಂಚಿಕೆಯಲ್ಲಿ ಸ್ತ್ರೀವೇಷದ ಮೇಲಿನ ಲೇಖನವೂ ಜೋಗತಿ ಪರಂಪರೆಯ ಮೇಲಿನ ಲೇಖನವೂ ಅಕ್ಕಪಕ್ಕ ಬಂದಿರುವುದರಿಂದ, ಇವೆರಡನ್ನೂ ಒಂದೇ ಎಂದು ಓದಿಕೊಳ್ಳುವ ಅಪಾಯ ಇದೆ. ಆ ಕಾರಣಕ್ಕೆ ಈ ಮಾತು.

ಯಕ್ಷಗಾನದ ಚೌಕಿಯಲ್ಲಿ ಸ್ತ್ರೀವೇಷ ಸಿದ್ಧವಾಗುವುದನ್ನು ನೋಡಿದವರಿಗೆ ಅದು ಎಷ್ಟು ಲೆಕ್ಕಾಚಾರದ ಕೆಲಸ ಎಂಬುದು ಗೊತ್ತು. ಗಡ್ಡ ನುಣ್ಣಗೆ ಬೋಳಿಸಿ, ಮುಖಕ್ಕೆ ಬಣ್ಣ ಹಚ್ಚಿ ಪುಡಿ ಹಾಕಿ ಹದ ಮಾಡಬೇಕು. ಗಂಡು ಹುಬ್ಬಿನ ದಪ್ಪವನ್ನು ಬಣ್ಣದಲ್ಲಿ ಅಡಗಿಸಿ ಕಾಡಿಗೆಯಿಂದ ಬೇರೆ ಹುಬ್ಬು ಎಳೆಯಬೇಕು. ಬಟ್ಟೆಯ ಒತ್ತು ಕೊಟ್ಟು ಎದೆ ಸೊಂಟಗಳಿಗೆ ಆಕಾರ ತರಬೇಕು. ಆಮೇಲೆ ಸೀರೆ, ಜಡೆ, ಆಭರಣ, ಗೆಜ್ಜೆ. ಇಷ್ಟೂ ಆದದ್ದು ಆಹಾರ್ಯ ಮಾತ್ರ. ಹೆಜ್ಜೆ ಕಿರಿದಾಗಬೇಕು, ಭುಜ ಇಳಿಯಬೇಕು, ಪಾತ್ರಕ್ಕೆ ತಕ್ಕಂತೆ ಅರ್ಥ ಹೇಳಬೇಕು. ದಮಯಂತಿಗೆ ಒಪ್ಪುವ ನಯ, ಕಸೆ ಸ್ತ್ರೀವೇಷದ ಪ್ರಮೀಳೆಗೆ ಒಪ್ಪುವುದಿಲ್ಲ. ಅವಳು ಕುದುರೆ ಕಟ್ಟಿಹಾಕಿ ಅರ್ಜುನನನ್ನು ಕೆಣಕುವ ರಾಣಿ. ಕೋಳ್ಯೂರು ರಾಮಚಂದ್ರ ರಾಯರಂಥವರು ಇದರಲ್ಲಿ ಹೆಸರು ಮಾಡಿದ್ದು ಹೆಣ್ಣಿನ ಬದುಕನ್ನು ಕಣ್ಣಿಟ್ಟು ಗಮನಿಸಿದ್ದರಿಂದ. ಮಂಟಪ ಪ್ರಭಾಕರ ಉಪಾಧ್ಯರು ಶತಾವಧಾನಿ ಗಣೇಶರೊಡನೆ ಸೇರಿ ರೂಪಿಸಿದ ‘ಭಾಮಿನಿ’ಯಲ್ಲಿ ಒಬ್ಬರೇ ಇಡೀ ರಂಗವನ್ನು ತುಂಬಿದರು. ಬೆಳಗಾದ ಮೇಲೆ ತೆಂಗಿನೆಣ್ಣೆ ಸವರಿ ಬಟ್ಟೆಯಲ್ಲಿ ಒರೆಸಿದರೆ ಬಣ್ಣ ಬಿಡುತ್ತದೆ. ಬಣ್ಣದ ಜೊತೆಗೆ ಪಾತ್ರವೂ ಇಳಿಯುತ್ತದೆ ಎಂಬ ನಂಬಿಕೆಯ ಮೇಲೆಯೇ ಈ ಕಲೆ ನಿಂತಿರುವುದು.

ಮಂಜಮ್ಮನವರು ತಮ್ಮ ದೀಕ್ಷೆಯ ಬಗ್ಗೆ ಹಲವು ಕಡೆ ಹೇಳಿಕೊಂಡಿದ್ದಾರೆ. ಹುಲಿಗೆಮ್ಮನ ಸನ್ನಿಧಿಯಲ್ಲಿ ಅವರ ಉಡಿದಾರವನ್ನು ಹರಿದರು. ಹೆಣ್ಣಿನ ಉಡುಗೆ ತೊಡಿಸಿ, ಬಳೆ ಇಡಿಸಿ, ಮುತ್ತು ಕಟ್ಟಿದರು. ಮಗ ಇನ್ನಿಲ್ಲವೆಂದು ತಾಯಿ ಅತ್ತರು. ಅಲ್ಲಿಯೂ ಸೀರೆ ಇದೆ, ಬಳೆ ಇದೆ. ಹೊರಗಿನಿಂದ ನೋಡಿದವರಿಗೆ ಚೌಕಿಯಲ್ಲಿ ಕಂಡದ್ದೇ ಕಾಣುತ್ತದೆ. ಆದರೆ ಅಲ್ಲಿ ಪ್ರೇಕ್ಷಕರಿಲ್ಲ, ಮಂಗಳ ಹಾಡಿ ಮುಗಿಸುವ ಹೊತ್ತೂ ಇಲ್ಲ. ಆ ಸೀರೆಗಾಗಿ ಅವರು ಮನೆ ಕಳೆದುಕೊಂಡರು, ಭಿಕ್ಷೆ ಬೇಡಿದರು. ಒಂದು ರಾತ್ರಿಯ ಪಾತ್ರಕ್ಕಾಗಿ ಯಾರೂ ಇಷ್ಟು ಬೆಲೆ ತೆರುವುದಿಲ್ಲ. ಸೀರೆಗೆ ಮೊದಲೇ ಅವರೊಳಗೆ ಒಬ್ಬ ಹೆಣ್ಣುಮಗಳಿದ್ದಳು. ಸೀರೆ ಬಂದದ್ದು ಅವಳ ಹಿಂದೆ. 2019ರಲ್ಲಿ ಅವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದಾಗಲೂ, 2021ರಲ್ಲಿ ಪದ್ಮಶ್ರೀ ಪಡೆಯುವಾಗ ರಾಷ್ಟ್ರಪತಿಗಳ ಮುಂದೆ ಸೆರಗು ಹಿಡಿದು ದೃಷ್ಟಿ ತೆಗೆದಾಗಲೂ, ಅಲ್ಲಿ ನಿಂತಿದ್ದವರು ಮಂಜಮ್ಮನೇ. ರಂಗದ ಮೇಲೆ ರಾಕ್ಷಸನಾಗಿ ಅಬ್ಬರಿಸಿದ ರಾತ್ರಿಗಳಲ್ಲೂ ಅಷ್ಟೇ.

ಉಡುಗೆ, ನಡಿಗೆ, ದನಿ, ಅಲಂಕಾರ ಇವೆಲ್ಲ ಲಿಂಗತ್ವದ ಅಭಿವ್ಯಕ್ತಿ. ತಾನು ಯಾರು ಎಂದು ಒಬ್ಬರು ಒಳಗೆ ಬಲ್ಲದ್ದು ಲಿಂಗತ್ವದ ಗುರುತು. 2014ರ ಏಪ್ರಿಲ್ 15ರಂದು ನಾಲ್ಸಾ ಪ್ರಕರಣದಲ್ಲಿ ತೀರ್ಪಿತ್ತ ಸುಪ್ರೀಂ ಕೋರ್ಟ್ ಎರಡನ್ನೂ ಪ್ರತ್ಯೇಕವಾಗಿಯೇ ನೋಡಿತು. ಗುರುತನ್ನು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕು ಮತ್ತು ಘನತೆಯೊಳಗೆ ಇಟ್ಟಿತು. ಉಡುಪು, ಮಾತು, ನಡವಳಿಕೆಯಲ್ಲಿ ಅದನ್ನು ತೋರ್ಪಡಿಸುವುದನ್ನು 19ನೇ ವಿಧಿಯ ಅಭಿವ್ಯಕ್ತಿ ಸ್ವಾತಂತ್ರ್ಯದೊಳಗೆ ಇಟ್ಟಿತು. ಬ್ರಿಟಿಷರ ಕಾಲದ ಕಾನೂನಿಗೆ ಈ ತಿಳಿವಳಿಕೆ ಇರಲಿಲ್ಲ. 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಎರಡನೇ ಭಾಗದ ಪ್ರಕಾರ, ಪಟ್ಟಿಯಲ್ಲಿ ಹೆಸರಿದ್ದ ಹಿಜ್ರಾ ವ್ಯಕ್ತಿ ಹೆಣ್ಣಿನ ಉಡುಗೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ ಸಾಕು, ವಾರಂಟ್ ಇಲ್ಲದೆ ಹಿಡಿಯಬಹುದಿತ್ತು. ಎರಡು ವರ್ಷದವರೆಗೆ ಜೈಲಿಗೆ ಹಾಕಬಹುದಿತ್ತು. ಬೀದಿಯಲ್ಲಿ ಕುಣಿದರೂ ವಾದ್ಯ ನುಡಿಸಿದರೂ ಅದೇ ಶಿಕ್ಷೆ. ಬಟ್ಟೆ ನೋಡಿ ಮನುಷ್ಯರನ್ನು ಅಳೆದ ಆ ಕಾನೂನು ಹೋದರೂ ಅಳತೆಯ ಅಭ್ಯಾಸ ನಮ್ಮ ಬೀದಿಗಳಿಂದ ಇನ್ನೂ ಹೋಗಿಲ್ಲ.

ಈ ಅಭ್ಯಾಸದ ಪೆಟ್ಟು ಎರಡೂ ಕಡೆಯವರಿಗೆ ಬೀಳುತ್ತದೆ. ಸ್ತ್ರೀವೇಷ ಮಾಡುವ ಹುಡುಗನಿಗೆ ಊರಿನವರು ಹೆಣ್ಣಿಗ ಎಂದು ಹಂಗಿಸುತ್ತಾರೆ, ಮದುವೆ ಮಾತುಕತೆಯಲ್ಲಿ ಕೊಂಕು ತೆಗೆಯುತ್ತಾರೆ. ಟ್ರಾನ್ಸ್ ಮಹಿಳೆಗೆ ‘ಈ ವೇಷ ಬಿಡು’ ಎನ್ನುತ್ತಾರೆ. ಮೊದಲನೆಯವನ ಕಲೆ ಅವನ ಗುರುತಾಗಿಬಿಡುತ್ತದೆ, ಎರಡನೆಯವಳ ಗುರುತು ನಾಟಕವಾಗಿಬಿಡುತ್ತದೆ.

ಬೆಂಗಳೂರಿನ ವೇದಿಕೆಗಳಲ್ಲಿ ಈಚಿನ ವರ್ಷಗಳಲ್ಲಿ ಬೆಳೆದಿರುವ ಡ್ರ್ಯಾಗ್ ಬೇರೆಯೇ ಬಗೆಯದು. ಮಾಯಾ ಎಂಬ ಹೆಸರಿನಲ್ಲಿ ಅಲೆಕ್ಸ್ ಮ್ಯಾಥ್ಯೂ ಕಾರ್ಯಕ್ರಮ ಕೊಡುವುದನ್ನು ಹಲವರು ಕಂಡಿರಬಹುದು. ಸ್ತ್ರೀವೇಷದ ಕಲಾವಿದ ತನ್ನೊಳಗಿನ ಗಂಡನ್ನು ನಾವು ಮರೆಯಬೇಕು ಎಂದು ಬಯಸುತ್ತಾನೆ. ಡ್ರ್ಯಾಗ್ ಕಲಾವಿದರು ಅತಿಯಾದ ರೆಪ್ಪೆ, ಎತ್ತರದ ಕೂದಲು, ಹೊಳೆಯುವ ಗೌನಿನ ಮೂಲಕ ಕಟ್ಟುವಿಕೆಯನ್ನೇ ಕಣ್ಣೆದುರು ಇಡುತ್ತಾರೆ. ಹೆಣ್ತನವೂ ಗಂಡಸುತನವೂ ಹೇಗೆ ತಯಾರಾಗುತ್ತವೆ ನೋಡಿ ಎನ್ನುತ್ತಾರೆ. ಇದೂ ಪ್ರದರ್ಶನವೇ. ಮಾಡುವವರು ಗಂಡಸರಿರಬಹುದು, ಹೆಂಗಸರಿರಬಹುದು, ಟ್ರಾನ್ಸ್ ವ್ಯಕ್ತಿಗಳೂ ಇರಬಹುದು.

ಇನ್ನು ರಂಗವೇ ಇಲ್ಲದವರಿದ್ದಾರೆ. ಬಾಗಿಲು ಹಾಕಿಕೊಂಡು ಹೆಂಡತಿಯ ಸೀರೆ ಉಟ್ಟು ಕನ್ನಡಿ ನೋಡಿಕೊಳ್ಳುವ ಗಂಡಸು, ಅದರಿಂದ ಮನಸ್ಸು ಹಗುರಾಗಿ, ಮತ್ತೆ ಗಂಡಸಾಗಿಯೇ ನೆಮ್ಮದಿಯಿಂದ ಇರಬಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಹಿಂದಿನ ರೋಗಪಟ್ಟಿ ಇಂಥವರಿಗೂ ಒಂದು ಕಾಯಿಲೆಯ ಹೆಸರು ಇಟ್ಟಿತ್ತು. 2022ರಿಂದ ಜಾರಿಯಲ್ಲಿರುವ ಹನ್ನೊಂದನೇ ಆವೃತ್ತಿ ಅದನ್ನು ಕೈಬಿಟ್ಟಿದೆ. ಉಡುಗೆ ನಡವಳಿಕೆಗಳು ರೂಢಿಗಿಂತ ಬೇರೆ ಎಂಬುದೊಂದರಿಂದಲೇ ಲಿಂಗತ್ವಕ್ಕೆ ಸಂಬಂಧಿಸಿದ ರೋಗನಿರ್ಣಯ ಮಾಡಕೂಡದು ಎಂದಿದೆ. ಆದರೆ ಟ್ರಾನ್ಸ್ ವ್ಯಕ್ತಿಯ ವಿಷಯದಲ್ಲಿ ಸೀರೆ ಬಿಚ್ಚಿಟ್ಟರೂ ಪ್ಯಾಂಟು ತೊಟ್ಟರೂ ಒಳಗಿನ ಅರಿವು ಅಲ್ಲಿಯೇ ಇರುತ್ತದೆ. ಮನೆಯವರ ಒತ್ತಾಯಕ್ಕೆ ಸೀರೆ ಉಟ್ಟು ಮದುವೆಮನೆಯಲ್ಲಿ ಕುಳಿತ ಟ್ರಾನ್ಸ್ ಪುರುಷ ಆಗಲೂ ಗಂಡಸೇ.

ಗೆರೆ ಎಲ್ಲರ ಬಾಳಿನಲ್ಲೂ ಇಷ್ಟು ಸ್ಪಷ್ಟವಾಗಿ ಇರುವುದಿಲ್ಲ ಎಂಬುದನ್ನೂ ಹೇಳಬೇಕು. ರಂಗದ ಮೇಲೆ ಹೆಣ್ಣಾದಾಗಲೇ ಮೊದಲ ಸಲ ತನ್ನನ್ನು ತಾನು ಕಂಡೆ ಎನ್ನುವವರು ಇದ್ದಾರೆ; ಅವರಿಗೆ ವೇಷವೇ ಬಾಗಿಲಾಯಿತು. ಜೋಗಪ್ಪಂದಿರಲ್ಲಿ ಹಲವರು ತಮ್ಮನ್ನು ಟ್ರಾನ್ಸ್‌ಜೆಂಡರ್ ಎನ್ನುವ ಬದಲು ಎಲ್ಲಮ್ಮ ಮೈಮೇಲೆ ಬಂದಳು, ಅವಳು ಕರೆದಳು ಎನ್ನುತ್ತಾರೆ. ಅವರ ಬಾಳನ್ನು ನಗರದ ಪರಿಭಾಷೆಗೆ ಒಗ್ಗಿಸುವ ಅವಸರ ನಮಗೆ ಬೇಡ. ಯಾರು ಏನೆಂಬುದನ್ನು ನೋಡುವವರ ಕಣ್ಣು ತೀರ್ಮಾನಿಸಲಾರದು. ಆ ಬಾಳು ಬಾಳುವವರು ತಮ್ಮ ಬಗ್ಗೆ ಹೇಳಿದ್ದನ್ನು ಕೇಳಿಸಿಕೊಳ್ಳುವುದೊಂದೇ ದಾರಿ.

ಪತ್ರಿಕೆಯ ಮಟ್ಟಿಗೆ ಹೀಗೆ ಕೇಳಿಸಿಕೊಳ್ಳುವುದು ದಿನನಿತ್ಯದ ಕೆಲಸ. ಇನ್ನು ಮುಂದೆ ಸ್ತ್ರೀವೇಷದ ಚಿತ್ರದಡಿ ಪಾತ್ರದ ಹೆಸರು ಮತ್ತು ಕಲಾವಿದರ ಹೆಸರು ಎರಡೂ ಇರುತ್ತವೆ. ಡ್ರ್ಯಾಗ್ ಕಲಾವಿದರ ಚಿತ್ರಕ್ಕೆ ಅವರ ರಂಗನಾಮ ಇರುತ್ತದೆ, ಸ್ವಂತ ಹೆಸರು ಅವರು ಒಪ್ಪಿದರೆ ಮಾತ್ರ. ಟ್ರಾನ್ಸ್ ವ್ಯಕ್ತಿಗಳ ಬಗ್ಗೆ ಬರೆಯುವಾಗ ಅವರು ಈಗ ಹೇಳಿಕೊಳ್ಳುವ ಹೆಸರನ್ನಷ್ಟೇ ಬಳಸುತ್ತೇವೆ. ಹುಟ್ಟುಹೆಸರನ್ನು ಅವರಾಗಿಯೇ ತಿಳಿಸಿ, ಅಚ್ಚಿಗೆ ಒಪ್ಪಿಗೆ ಕೊಟ್ಟ ಹೊರತು, ಕುತೂಹಲಕ್ಕೆಂದು ಎಲ್ಲಿಯೂ ಹಾಕುವುದಿಲ್ಲ. ಲೇಖಕರೂ ಬರಹ ಕಳುಹಿಸುವ ಮುನ್ನ ಇದನ್ನು ಗಮನಿಸಬೇಕೆಂದು ಕೋರುತ್ತೇವೆ.